ಅಜ್ಜನ ಕಥೆ ಮೂರನೇ ಪುಟಕ್ಕೆ ಹೋದದ್ದು

ಕಾಫಿಪುಡಿ ಮಾರುವ ಪತ್ರದಲ್ಲಿ ಭರವಸೆ, ಪುರಾವೆ ಮುಂದೆ ಬರಲಿ, ಅಜ್ಜನ ಕಥೆ ಅವುಗಳ ಹಿಂದೆ ಹೋಗಲಿ ಎಂದಷ್ಟೇ ನಾವು ಹೇಳಿದ್ದು. ಅಜ್ಜ ಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೆ ದಕ್ಷಿಣ ಕೊಡಗಿನ ಆ ಕಾಫಿ ತೋಟದ ಸಾಹುಕಾರರ ಕಿವಿಗೆ ಬಿದ್ದದ್ದು ಅಜ್ಜ ಬೇಡ ಎಂಬುದಷ್ಟೇ. "ನಮ್ಮಜ್ಜ ಕಾಡು ಕಡಿದು ತೋಟ ಮಾಡಿದ್ದನ್ನ ಹಿಂದಕ್ಕೆ ಹಾಕ್ತೀರಾ?" ಎಂದು ಕೇಳಿದವರು ಎದ್ದು ಕಣದ ಕಡೆ ಹೋದರು. ಅತ್ತ ಪ್ರೆಸ್ಸಿನವರು ಫೈನಲ್ ಫೈಲ್ ಯಾವಾಗ ಎಂದು ಫೋನ್ ಮೇಲೆ ಫೋನ್.

ಪತ್ರ ಹೋಗಬೇಕಿದ್ದದ್ದು ಬೆಂಗಳೂರು, ಮೈಸೂರಿನ ಮನೆಗಳಿಗೆ. ತೋಟದಲ್ಲೇ ಹುರಿದ ಕಾಫಿಪುಡಿಯನ್ನು ತಿಂಗಳು ತಿಂಗಳು ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಿ ಎಂದು ಕೇಳುವ ನಾಲ್ಕು ಪುಟದ ಸೇಲ್ಸ್ ಲೆಟರ್. ಮೊದಲ ಪುಟ ಪೂರ್ತಿ ಅಜ್ಜ ಮತ್ತು ಕುಟುಂಬದ ಮೂಲಮನೆಯಾದ ಐನ್‌ಮನೆ. ಎರಡನೆಯದರಲ್ಲಿ ಹೂಮಳೆ, ನೆರಳಿನ ಮರ, ಮೆಣಸಿನ ಬಳ್ಳಿ, ಆನೆ ಕಾಟ. ಮೂರನೇ ಪುಟದ ನಡುವೆ, ಒಂದು ಉದ್ದನೆಯ ಪ್ಯಾರಾದ ಕೊನೆಯಲ್ಲಿ ಇಷ್ಟು ಬರೆದಿತ್ತು: ಆರ್ಡರ್ ಬಂದ ಮೇಲೆಯೇ ಹುರಿಯುತ್ತೇವೆ, ಚಿಕೋರಿ ಹಾಕುವುದಿಲ್ಲ, ಐದು ದಿನದಲ್ಲಿ ನಿಮ್ಮ ಮನೆಯಲ್ಲಿ. ಅದನ್ನು ನಂಬಲು ಬೇಕಾದ ಪುರಾವೆಯೆಲ್ಲ ನಾಲ್ಕನೇ ಪುಟದಲ್ಲಿ, ರೇಟಿನ ಪಕ್ಕ ಇಕ್ಕಟ್ಟಿನಲ್ಲಿ ಕೂತಿತ್ತು.

ಬರವಣಿಗೆ ಕೆಟ್ಟದಿರಲಿಲ್ಲ. ಆನೆ ಬಂದ ರಾತ್ರಿಯ ಪ್ಯಾರಾ ಓದಿದರೆ ಯಾರಿಗೂ ಹಿಡಿಸುತ್ತದೆ. ತೊಂದರೆ ಇದ್ದದ್ದು ಓದುವವರು ಆ ಹೊತ್ತಿಗೆ ಯಾವ ಪ್ರಶ್ನೆ ಇಟ್ಟುಕೊಂಡಿರುತ್ತಾರೆ ಎನ್ನುವಲ್ಲಿ. ಲಕೋಟೆ ಒಡೆದವರು ಮೇಲಿನ ನಾಲ್ಕು ಸಾಲು ನೋಡುತ್ತಾರೆ, ಕೊನೆಯ ಪುಟ ತಿರುವಿ ಸಹಿ ಮತ್ತು ರೇಟು ನೋಡುತ್ತಾರೆ, ಆಮೇಲೆ ಓದಬೇಕೋ ರದ್ದಿಗೆ ಹಾಕಬೇಕೋ ಎಂದು ತೀರ್ಮಾನಿಸುತ್ತಾರೆ. ಅವರ ಮನೆಯಲ್ಲಿ ಆಗಲೇ ಒಂದು ಕಾಫಿ ಡಬ್ಬಿ ಇದೆ. ಇದರಿಂದ ನನಗೇನು ಎನ್ನುವುದು ಅವರ ಮೊದಲ ಪ್ರಶ್ನೆ, ಹೌದೆಂದು ಹೇಗೆ ನಂಬಲಿ ಎನ್ನುವುದು ಎರಡನೆಯದು. ಹೇಳುತ್ತಿರುವವರು ಯಾರು ಎಂಬ ಕುತೂಹಲ ಮೂಡುವುದು ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ. ಅಜ್ಜ ಮೂರನೇ ಪ್ರಶ್ನೆಗೆ ಉತ್ತರ.

ಹಾಗಾಗಿ ಪ್ಯಾರಾಗಳ ಕ್ರಮ ಬದಲಿಸಬೇಕಿತ್ತು. ಈ ಮರುಜೋಡಣೆಯನ್ನು ಕಂಪ್ಯೂಟರ್ ಪರದೆ ಮೇಲೆ ಮಾಡಬೇಡಿ. ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆದು, ಪ್ಯಾರಾ ಪ್ಯಾರಾ ಕತ್ತರಿಸಿ ಮೇಜಿನ ಮೇಲೆ ಹರಡಿ. ಪ್ರತಿ ಚೀಟಿಯ ಅಂಚಿನಲ್ಲಿ ಒಂದಕ್ಷರ ಬರೆಯಿರಿ: ಭರವಸೆಗೆ ಭ, ಪುರಾವೆಗೆ ಪು, ಹಿನ್ನೆಲೆಗೆ ಹಿ, ಆರ್ಡರ್ ಕೇಳುವ ಮಾತಿಗೆ ಆ. ಒಂದೇ ಚೀಟಿಗೆ ಎರಡು ಅಕ್ಷರ ಬೇಕೆನಿಸಿದರೆ ಅದನ್ನು ಇನ್ನೊಮ್ಮೆ ಕತ್ತರಿಸಿ. ಈ ಪತ್ರದಲ್ಲಿ ಹಾಗೆ ಸಿಕ್ಕಿಕೊಂಡದ್ದು ಹುರಿಯುವ ಡ್ರಮ್ಮಿನ ಪ್ಯಾರಾ. ಅದರ ಮೊದಲರ್ಧ ಅಜ್ಜನ ಕಾಲದಲ್ಲಿ ಸೌದೆ ಒಲೆ ಮೇಲೆ ಹುರಿಯುತ್ತಿದ್ದ ನೆನಪು. ಉಳಿದರ್ಧದಲ್ಲಿ ಒಂದು ಸಲಕ್ಕೆ ಹತ್ತು ಕಿಲೋ ಮಾತ್ರ ಹುರಿಯುತ್ತೇವೆ, ಆದ್ದರಿಂದ ದಾಸ್ತಾನು ಉಳಿಯುವುದಿಲ್ಲ ಎಂಬ ಮಾತು. ನೆನಪು ಹಿನ್ನೆಲೆ, ಹತ್ತು ಕಿಲೋ ಗಟ್ಟಿ ಪುರಾವೆ. ಕಥೆಯೊಳಗೆ ಹೀಗೆ ಹೂತುಹೋದ ಪುರಾವೆಗಳು ಎಲ್ಲ ಉದ್ದ ಪತ್ರಗಳಲ್ಲೂ ಇರುತ್ತವೆ. ಪ್ಯಾರಾವನ್ನು ಇಡಿಯಾಗಿ ಹಿಂದಕ್ಕೆ ತಳ್ಳಿದರೆ ಅವೂ ಹಿಂದಕ್ಕೆ ಹೋಗುತ್ತವೆ.

ಅಕ್ಷರ ಬರೆದಾದ ಮೇಲೆ ಮೊದಲ 'ಭ' ಬರುವ ಮುಂಚೆ ಎಷ್ಟು ಪದಗಳಿವೆ ಎಂದು ಎಣಿಸಿ. ಎರಡೂವರೆ ಪುಟವಾದ ಮೇಲೆ ಬರುತ್ತದೆ ಎಂದು ಕಣ್ಣಿಗೆ ಕಾಣಿಸಿದರೆ ವಾದವೇ ಬೇಕಾಗಿಲ್ಲ. ಸಾಹುಕಾರರು ಕಣದಿಂದ ವಾಪಸ್ ಬಂದು ಚೀಟಿಗಳ ಸಾಲು ನೋಡಿ ಸುಮ್ಮನಾದದ್ದೂ ಹೀಗೆಯೇ. ಅವರಿಗೆ ಒಪ್ಪಿಗೆಯಾಯಿತೆಂದಲ್ಲ, ಲೆಕ್ಕ ಅವರಿಗೂ ಕಂಡಿತು.

ಇನ್ನು ಭರವಸೆಯ ಸಾಲು. ಅದನ್ನು ಎತ್ತಿ ಮೇಲೆ ಅಂಟಿಸಿದರೆ ಮುಗಿಯಿತು ಎಂದುಕೊಳ್ಳುವಲ್ಲೇ ಹೆಚ್ಚಿನವರು ಎಡವುತ್ತಾರೆ. ಮೂರನೇ ಪುಟದಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದ "ಐದು ದಿನದಲ್ಲಿ ನಿಮ್ಮ ಮನೆಯಲ್ಲಿ" ಎಂಬ ಮಾತು ಮೊದಲ ಸಾಲಾದ ಕೂಡಲೇ ಕರಾರಾಗುತ್ತದೆ. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಅದನ್ನು ಓದಿ, "ಕಕ್ಕಡ ತಿಂಗಳ ಮಳೆಯಲ್ಲಿ ಘಾಟಿ ರಸ್ತೆ ಬಂದ್ ಆದ್ರೆ ಯಾರು ಹೊತ್ಕೊಂಡು ಹೋಗ್ತಾರೆ, ನಾನಾ?" ಎಂದರು. ಅವರು ಹೇಳಿದ್ದು ಸರಿಯೇ. 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಪಾರ್ಸೆಲ್ ಕೊರಿಯರ್‌ನವರ ಕೈ ಸೇರಿದ ಮೇಲೆ ಏನಾಗುತ್ತದೆ ಎನ್ನುವುದು ತೋಟದ ಹಿಡಿತದಲ್ಲಿಲ್ಲ. ಹಿಡಿತದಲ್ಲಿರುವುದು ಹುರಿಯುವ ದಿನ ಮತ್ತು ಕಳಿಸುವ ದಿನ. ಹಾಗಾಗಿ ಸಾಲು ಹೀಗಾಯಿತು:

"ನಿಮ್ಮ ಆರ್ಡರ್ ಬಂದ ಮೇಲೆಯೇ ಹುರಿಯುತ್ತೇವೆ, ಹುರಿದ ಮಾರನೇ ದಿನ ಕಳಿಸುತ್ತೇವೆ. ಎರಡೂ ತಾರೀಕು ಪೊಟ್ಟಣದ ಮೇಲಿರುತ್ತದೆ. ಇಲ್ಲದಿದ್ದರೆ ಪುಡಿ ಇಟ್ಟುಕೊಳ್ಳಿ, ದುಡ್ಡು ವಾಪಸ್."

ಐದು ದಿನ ಎನ್ನುವುದಕ್ಕಿಂತ ಇದು ಸಪ್ಪೆ ಎಂದು ಮಾರ್ಕೆಟಿಂಗ್ ನೋಡುವ ಹುಡುಗ ಗೊಣಗಿದ. ಆದರೆ ಮಳೆಗಾಲದಲ್ಲೂ ಉಳಿಸಿಕೊಳ್ಳಬಲ್ಲ ಮಾತು ಇದೊಂದೇ. ಭರವಸೆಯನ್ನು ಮೇಲಕ್ಕೆ ತರುವ ಮುಂಚೆ ಹುರಿಯುವವರಿಗೂ ಪ್ಯಾಕ್ ಮಾಡುವವರಿಗೂ ಓದಿ ಹೇಳುವುದು ಮರುಜೋಡಣೆಯದೇ ಒಂದು ಹಂತ. ಮ್ಯಾನೇಜ್‌ಮೆಂಟ್ ಸಾಮಾನ್ಯವಾಗಿ ಹಾರಿಸಿಬಿಡುವುದೂ ಇದನ್ನೇ.

ಪುರಾವೆಗಳಲ್ಲಿ ಯಾವುದು ಮೊದಲು? ಕೈಯಲ್ಲಿದ್ದವು ತಾರೀಕಿನ ಮುದ್ರೆ, ಹತ್ತು ಕಿಲೋ ಲೆಕ್ಕ, ಹಳೇ ಗಿರಾಕಿಗಳ ಮೆಚ್ಚುಗೆಯ ಪತ್ರಗಳು ಮತ್ತು ಪುಡಿಯಲ್ಲಿ ಚಿಕೋರಿ ಇದೆಯೇ ಎಂದು ತೋರಿಸುವ ನೀರಿನ ಪರೀಕ್ಷೆ. ನಮ್ಮನ್ನು ನಂಬದೆಯೂ ಓದುಗರು ತಾವೇ ಪರೀಕ್ಷಿಸಬಹುದಾದದ್ದು ಮೊದಲು ಬರಬೇಕು. ಆ ಲೆಕ್ಕದಲ್ಲಿ ಗೆದ್ದದ್ದು ನೀರಿನ ಪರೀಕ್ಷೆ. ಮೂಲ ಪತ್ರದಲ್ಲಿ ಅದು "ನಮ್ಮ ಪುಡಿ ಬಂದ ಮೇಲೆ ಹೀಗೆ ಮಾಡಿ ನೋಡಿ" ಎಂದು ಕೊನೆಯಲ್ಲಿತ್ತು. ಕೊಂಡ ಮೇಲೆ ಸಿಗುವ ಪುರಾವೆ ಕೊಳ್ಳಿಸುವುದಿಲ್ಲ. ಅದನ್ನು ಮೊದಲ ಪುಟಕ್ಕೆ ತಂದು, ಈಗ ಮನೆಯಲ್ಲಿರುವ ಡಬ್ಬಿಯ ಪುಡಿಯಲ್ಲೇ ಮಾಡಿ ನೋಡಿ ಎಂದು ತಿರುಗಿಸಿದರೆ ಅದೇ ಪರೀಕ್ಷೆ ಕೆಲಸಕ್ಕೆ ಬಂತು.

ಪರೀಕ್ಷೆಯ ಮಾತುಗಳೂ ಕರಾರುವಾಕ್ಕಾಗಿರಬೇಕು. ಗಾಜಿನ ಲೋಟದಲ್ಲಿ ತಣ್ಣೀರು, ಅದರ ಮೇಲೆ ಒಂದು ಚಮಚ ಪುಡಿ ಉದುರಿಸಿ, ಕಲಕಬೇಡಿ. ಕಾಫಿಪುಡಿ ಮೇಲೆ ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತದೆ, ಮುಳುಗುವಾಗ ಕಂದು ಬಣ್ಣದ ಎಳೆ ಬಿಡುತ್ತದೆ. ನೋಡಬೇಕಾದದ್ದು ಮೊದಲ ಕೆಲವು ನಿಮಿಷ ಮಾತ್ರ. ಹೆಚ್ಚು ಹೊತ್ತು ಬಿಟ್ಟರೆ ಕಾಫಿಯೂ ನೀರು ಕುಡಿದು ಕೆಳಗಿಳಿಯುತ್ತದೆ, ಬಿಸಿನೀರಾದರೆ ಎಲ್ಲವೂ ಬಣ್ಣ ಬಿಡುತ್ತದೆ. ಇದನ್ನು ಬರೆಯದೆ ಬಿಟ್ಟರೆ ನಮ್ಮ ಪುಡಿಯೇ ಫೇಲಾಗಿ ಫೋನ್ ಬರುತ್ತದೆ.

ಇಲ್ಲೊಂದು ಎಚ್ಚರವೂ ಬೇಕು. ಚಿಕೋರಿ ಕಲಬೆರಕೆ ಎಂಬ ಧಾಟಿಯ ಸಾಲೊಂದು ಮೂಲದಲ್ಲಿತ್ತು. ಅದನ್ನು ಕಿತ್ತು ಹಾಕಬೇಕಾಯಿತು. ನಮ್ಮ ದೇಶದ ನಿಯಮದಲ್ಲಿ ಕಾಫಿ-ಚಿಕೋರಿ ಮಿಶ್ರಣ ಮಾರಬಹುದು. ಕಾಫಿ ಕನಿಷ್ಠ 51% ಇರಬೇಕು, ಪ್ರಮಾಣವನ್ನು ಲೇಬಲ್ ಮೇಲೆ ಬರೆದಿರಬೇಕು. ಗಟ್ಟಿ ಡಿಕಾಕ್ಷನ್ ಬೇಕೆಂದು ಇಷ್ಟಪಟ್ಟೇ ಮಿಶ್ರಣ ಕೊಳ್ಳುವ ಮನೆಗಳು ಬೇಕಾದಷ್ಟಿವೆ. ಅವರಿಗೆ ಮೊದಲ ಪುಟದಲ್ಲೇ ನೀವು ಮೋಸ ಹೋಗಿದ್ದೀರಿ ಎಂದರೆ ಎರಡನೇ ಪುಟ ಯಾರು ಓದುತ್ತಾರೆ? "ಪೊಟ್ಟಣದ ಮೇಲೆ ಎಷ್ಟು ಬರೆದಿದೆ ನೋಡಿ, ಲೋಟದಲ್ಲಿ ಏನು ಕಾಣುತ್ತದೆ ನೋಡಿ" ಎನ್ನುವಲ್ಲಿಗೆ ಮಾತು ನಿಂತಿತು.

ಚೀಟಿಗಳನ್ನು ಹೊಸ ಸಾಲಿನಲ್ಲಿ ಜೋಡಿಸಿದ ಮೇಲೆ ಹೊಲಿಗೆ ಕೆಲಸ. ಪ್ಯಾರಾ ಜಾಗ ಬದಲಿಸಿದಾಗ 'ಅವರು', 'ಆ ಡ್ರಮ್', 'ಮೇಲೆ ಹೇಳಿದಂತೆ', 'ಅದಕ್ಕೇ' ಎಂಬವು ಅನಾಥವಾಗುತ್ತವೆ. "ಅವರು ಹಾಕಿಕೊಟ್ಟ ಪದ್ಧತಿಯಂತೆ ಇವತ್ತಿಗೂ" ಎಂದು ಮೊದಲ ಪುಟದಲ್ಲಿ ಓದಿದವರಿಗೆ ಅವರು ಯಾರೆಂದು ಗೊತ್ತಿಲ್ಲ, ಅಜ್ಜ ಇನ್ನೂ ಬಂದೇ ಇಲ್ಲ. ಬರೆದವರ ಕಣ್ಣಿಗೆ ಇದು ಬೀಳುವುದಿಲ್ಲ, ತಲೆಯಲ್ಲಿ ಹಳೇ ಸಾಲೇ ಓಡುತ್ತಿರುತ್ತದೆ. ಮೂಲ ಓದಿರದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ತೋಟದ ಲೆಕ್ಕ ಬರೆಯುವ ರೈಟರ್ ಓದುತ್ತಾ ತಡವರಿಸಿದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿದರೆ ಸಾಕಾಯಿತು.

ಹಿನ್ನೆಲೆಗೆ ಈಗ ಮೂರನೇ ಪುಟ. ಅಲ್ಲಿಗೆ ಬಂದ ಮೇಲೆ ಅದು ತಾನಾಗಿಯೇ ಕಿರಿದಾಯಿತು. ಪ್ರತಿ ಪ್ಯಾರಾಕ್ಕೂ ಒಂದೇ ಪರೀಕ್ಷೆ: ಇದು ಮೇಲಿನ ಭರವಸೆಗೆ ಕಾರಣ ಕೊಡುತ್ತದೆಯೇ? ನೆರಳಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದು, ಹಣ್ಣಾದದ್ದನ್ನೇ ಆರಿಸಿ ಕೊಯ್ಯುವುದು, ಸಣ್ಣ ಡ್ರಮ್ಮು, ಇವು ಉಳಿದವು. ಐನ್‌ಮನೆಯ ಕಂಬಗಳ ವರ್ಣನೆ ಹೋಯಿತು. ಆನೆಯ ರಾತ್ರಿಯೂ ಹೋಯಿತು, ಬೇಜಾರಾಯಿತು. ಅಜ್ಜನ ಫೋಟೊ ಉಳಿಯಿತು, ಆದರೆ ಅಡಿಬರಹ ಬದಲಾಯಿತು. ಹೆಸರು, ಇಸವಿ ಮಾತ್ರ ಇದ್ದ ಜಾಗದಲ್ಲಿ, ಮನೆಗೆ ಬೇಕಾದಷ್ಟನ್ನು ಮಾತ್ರ ಆಗಾಗ ಹುರಿಯುತ್ತಿದ್ದವರು, ಈಗಲೂ ಹಾಗೆಯೇ ಎಂಬ ಒಂದು ಸಾಲು. ಪುಟ ತಿರುವುವವರು ಪ್ಯಾರಾ ಬಿಟ್ಟರೂ ಫೋಟೊದ ಅಡಿಬರಹ ಓದುತ್ತಾರೆ.

ಪ್ರೆಸ್ಸಿನ ಕಥೆ ಬೇರೆಯೇ. ಅಲ್ಲಿ ಪುಟ ಜೋಡಿಸಲು ಇನ್ನೂ ಪೇಜ್‌ಮೇಕರ್ ಎಂಬ ಹಳೇ ಸಾಫ್ಟ್‌ವೇರ್. ಯೂನಿಕೋಡ್‌ನಿಂದ ಹಳೇ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು ಕೆಡುತ್ತದೆ, ಈ ಪತ್ರದಲ್ಲಿ 'ಆರ್ಡರ್' ಬರುವ ಕಡೆಯೆಲ್ಲ ಕೆಟ್ಟಿತ್ತು. ಪ್ಯಾರಾಗಳನ್ನು ಅವರ ಕಡೆ ಕಟ್-ಪೇಸ್ಟ್ ಮಾಡಿಸಬೇಡಿ. ಜೋಡಣೆ ಮುಗಿಸಿ ಇಡೀ ಪಠ್ಯ ಒಂದೇ ಸಲ ಕೊಟ್ಟು, ಪ್ರೂಫ್ ಕಾಗದದ ಮೇಲೆ ನೋಡಿ.

ಹೊಸ ಜೋಡಣೆ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಹಳೆಯದು, ಹೊಸದು ಎರಡೂ ಪತ್ರ ಒಂದೇ ದಿನ ಟಪಾಲಿಗೆ ಹೋಗಬೇಕು, ರೇಟು, ಲಕೋಟೆ, ಫಾರ್ಮ್ ಎಲ್ಲ ಒಂದೇ ಇರಬೇಕು. ಆರ್ಡರ್ ಫಾರ್ಮಿನ ಮೂಲೆಯಲ್ಲಿ ಮಾತ್ರ ಕ-1, ಕ-2 ಎಂದು ಗುರುತು. ಹಳೆಯದು ಮೈಸೂರಿಗೆ, ಹೊಸದು ಬೆಂಗಳೂರಿಗೆ ಎಂದು ಹಂಚಿದರೆ ಗೊತ್ತಾಗುವುದು ಊರುಗಳ ವ್ಯತ್ಯಾಸ. ವಿಳಾಸದ ಪಟ್ಟಿಯಲ್ಲಿ ಒಂದು ಬಿಟ್ಟು ಒಂದಕ್ಕೆ ಹಾಕಿ. ಪಟ್ಟಿ ಸಣ್ಣದಾದರೆ ಅಂಕಿಗಳನ್ನು ಅತಿಯಾಗಿ ನಂಬಬೇಡಿ. ತಲಾ 500 ಕಳಿಸಿ ಒಂದಕ್ಕೆ 10, ಇನ್ನೊಂದಕ್ಕೆ 14 ಆರ್ಡರ್ ಬಂದರೆ ಅದು ಅದೃಷ್ಟವೂ ಇರಬಹುದು. 10ಕ್ಕೆ ಎದುರಾಗಿ 30 ಬಂದರೆ ಮಾತು ಬೇರೆ.

ಈಗಾಗಲೇ ಪುಡಿ ತರಿಸುತ್ತಿರುವ ಮನೆಗಳಿಗೆ ಕೊಯ್ಲು ಮುಗಿದ ಮೇಲೆ ಹೋಗುವ ಪತ್ರಕ್ಕೆ ಈ ಕ್ರಮ ಬೇಡ. ಅವರಿಗೆ ಭರವಸೆ ಗೊತ್ತು, ಪುರಾವೆ ಅವರ ಲೋಟದಲ್ಲೇ ಇದೆ. ಅವರು ಕೇಳುವುದು ಈ ವರ್ಷ ಮಳೆ ಹೇಗಿತ್ತು, ಬೆಳೆ ಹೇಗಿದೆ ಎಂದು. ಕತ್ತರಿಸಿ ತೆಗೆದ ಆನೆಯ ಪ್ಯಾರಾವನ್ನು ಆ ಪತ್ರದ ಮೊದಲ ಪುಟಕ್ಕೆ ಇಟ್ಟಿದ್ದೇವೆ. ಸಾಹುಕಾರರು ಅದಕ್ಕೆ ಇನ್ನೂ ಎರಡು ಪ್ಯಾರಾ ಸೇರಿಸಿ ಕಳಿಸಿದ್ದಾರೆ.