ಅಜ್ಜಿ ಎದುರು ಓದಲಾಗುವ ಪ್ರಬಂಧ

ಊರಲ್ಲಿ ಸಿಇಟಿ ರ‍್ಯಾಂಕ್ ನೋಡಿ ಸೀಟು ಕೊಡ್ತಾರೆ. ನೀನು ಎಂಥವಳಮ್ಮ ಅಂತ ಅಲ್ಲಿ ಯಾರೂ ಕೇಳಲ್ಲ. ಅಮೆರಿಕದ ಕಾಲೇಜುಗಳು ಕೇಳೋದೇ ಅದನ್ನ. ಬಹಳಷ್ಟು ಕಾಲೇಜುಗಳಿಗೆ ಒಟ್ಟಿಗೇ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಒಂದು ಪ್ರಬಂಧ ಇರುತ್ತೆ, 250 ಪದಕ್ಕಿಂತ ಕಮ್ಮಿ ಆಗಬಾರದು, 650 ದಾಟಬಾರದು. ಅಷ್ಟರಲ್ಲಿ ನಿಮ್ಮನ್ನು ನೀವೇ ಪರಿಚಯ ಮಾಡಿಕೊಳ್ಳಬೇಕು. ‘ತುಂಬಿದ ಕೊಡ ತುಳುಕಲ್ಲ’ ಅಂತ ಕೇಳುತ್ತಾ ಬೆಳೆದ ಮಕ್ಕಳಿಗೆ ಕೈ ಕಟ್ಟಿಹೋಗೋದು ಇಲ್ಲೇ.

ಕ್ಯಾಲಿಫೋರ್ನಿಯಾಗೆ ಬಂದು ನೆಲೆಸಿದ ಮೇಲೆ ಪರಿಚಯದವರ ಮಕ್ಕಳು ಬರೆದದ್ದನ್ನು ಓದಿಕೊಡೋದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ಸಲ ಹಾಸನದಿಂದ ಅಕ್ಕನ ಮಗಳದ್ದೂ ಬಂತು. ಪಿಯುಸಿ ಓದ್ತಿರೋ ಹುಡುಗಿ. ಮೊದಲ ಪ್ಯಾರಾ ಪೂರ್ತಿ ತಂದೆತಾಯಿ, ಗುರುಗಳು, ದೇವರು. ಎರಡನೆಯದರಲ್ಲಿ ‘ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ತಂಡಕ್ಕೆ ಬಹುಮಾನ ಬಂತು’. ತಂಡದಲ್ಲಿ ಇವಳು ಏನು ಮಾಡಿದಳು ಅನ್ನೋದು ಎಲ್ಲೂ ಇಲ್ಲ. ಕೊನೆಗೆ, ಹೇಳೋಕೂ ಸಂಕೋಚ ಅನ್ನೋ ಹಾಗೆ, ‘ರಜೆಯಲ್ಲಿ ಅಜ್ಜಿಗೆ ಡೈರಿ ಲೆಕ್ಕದಲ್ಲಿ ಸ್ವಲ್ಪ ಸಹಾಯ ಮಾಡಿದ್ದೇನೆ’ ಅಂತ ಒಂದು ಸಾಲು.

ಆ ‘ಸ್ವಲ್ಪ ಸಹಾಯ’ ಏನು ಅಂತ ಫೋನಲ್ಲಿ ಕೆದಕಿದೆ. ಅಜ್ಜಿ ಹಳ್ಳಿಯ ಡೈರಿಗೆ ಹಾಲು ಹಾಕ್ತಾರೆ. ಹಾಲಿನ ಫ್ಯಾಟ್ ಎಷ್ಟು ಅಂತ ಚೀಟಿ ಕೊಡ್ತಾರೆ, ದುಡ್ಡು ಅದರ ಮೇಲೆ. ಒಂದು ರಜೆಯಲ್ಲಿ ಫ್ಯಾಟ್ 3.8 ಇದ್ದದ್ದು 3.3ಕ್ಕೆ ಇಳೀತು. ಮಿಷನ್ನೇ ಸರಿಯಿಲ್ಲ ಅಂತ ಅಜ್ಜಿ ಬೈಕೊಂಡು ಓಡಾಡ್ತಿದ್ರು. ಇವಳು ಗೂಡಿನಲ್ಲಿ ತುರುಕಿಟ್ಟಿದ್ದ ಹಳೇ ಚೀಟಿಗಳನ್ನೆಲ್ಲ ತೆಗೆದು, ತಾರೀಖಿನ ಪ್ರಕಾರ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ಆಯಾ ದಿನ ಹಸುವಿಗೆ ಏನು ಹಾಕಿದ್ರು ಅಂತ ಕೇಳಿ ಬರೆದಿದ್ದಾಳೆ. ಫ್ಯಾಟ್ ಇಳಿಯೋಕೆ ಶುರುವಾದದ್ದು ರಾಗಿಹುಲ್ಲಿನ ಮೆದೆ ಖಾಲಿಯಾಗಿ ಬರೀ ಎಳೇ ಹಸಿಹುಲ್ಲು ಹಾಕೋಕೆ ಹಿಡಿದ ವಾರದಲ್ಲಿ. ಮೇವಿನಲ್ಲಿ ನಾರು ಕಮ್ಮಿಯಾದ್ರೆ ಹಾಲಿನ ಕೊಬ್ಬು ಇಳಿಯುತ್ತೆ, ದನ ಸಾಕೋರಿಗೆ ಗೊತ್ತಿರೋ ವಿಷಯವೇ. ಆದರೆ ಅಜ್ಜಿ ಮನೇಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೋರು ಇವಳೇ. ಪಕ್ಕದ ಮನೆಯಿಂದ ಒಣಹುಲ್ಲು ತರಿಸಿ ಬೆರೆಸಿದ ಮೇಲೆ ಫ್ಯಾಟ್ 3.7ಕ್ಕೆ ಬಂತು. ಆಮೇಲೆ ಬೀದಿಯ ಇನ್ನೂ ಕೆಲವು ಹೆಂಗಸರು ತಮ್ಮ ಚೀಟಿ ತಂದು ಇವಳ ಮುಂದೆ ಹಾಕಿದ್ರಂತೆ.

‘ಇದನ್ನ ಬರೀದೆ ಆ ಬಹುಮಾನ ಯಾಕೆ ಬರೆದೆ?’ ಅಂದೆ.

‘ಮಾವ, ಅದು ಮನೆ ಕೆಲಸ ಅಲ್ವಾ? ಅದನ್ನೆಲ್ಲ ಹೇಳ್ಕೋತಾರಾ?’

ಹಿಂದಿನಿಂದ ಅಕ್ಕನ ದನಿ: ‘ಹಾಲು ಸಗಣಿ ಅಂತ ಅಮೆರಿಕದೋರಿಗೆ ಬರೀತಾಳಾ? ಸುಮ್ನಿರೋ ನೀನು.’

ಮನೆಯಲ್ಲಿ ವಿನಯ ಅಂತ ನಮಗೆ ಕಲಿಸಿದ್ದರಲ್ಲಿ ಎರಡು ಬೇರೆಬೇರೆ ವಿಷಯ ಸೇರಿಕೊಂಡಿವೆ ಅಂತ ನನಗೆ ಅನ್ನಿಸೋದು. ಒಂದು, ನಿನ್ನ ಬೆನ್ನು ನೀನೇ ತಟ್ಟಿಕೊಳ್ಳಬೇಡ ಅನ್ನೋದು. ಇದರಿಂದ ಪ್ರಬಂಧಕ್ಕೆ ಏನೂ ನಷ್ಟವಿಲ್ಲ, ಲಾಭವೇ. ಇನ್ನೊಂದು, ನೀನು ಮಾಡಿದ ಕೆಲಸದಿಂದ ನಿನ್ನನ್ನೇ ಅಳಿಸಿಹಾಕು ಅನ್ನೋದು. ನಷ್ಟ ಆಗೋದು ಇದರಿಂದ. ಓದೋ ಅಧಿಕಾರಿಗೆ ಹಾಸನ ಗೊತ್ತಿಲ್ಲ, ಅಜ್ಜಿ ಗೊತ್ತಿಲ್ಲ. ‘ನಾವು ಮಾಡಿದ್ವಿ’ ಅಂದ್ರೆ ಅದರಲ್ಲಿ ಈ ಹುಡುಗಿ ಎಷ್ಟು ಅಂತ ಅಂದಾಜು ಮಾಡೋಕೆ ದಾರಿಯೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರಂತೂ ತಮ್ಮ ಸೂಚನೆಯಲ್ಲೇ ‘ನಾನು’, ‘ನನ್ನ’ ಅಂತ ಬರೆಯಿರಿ ಅಂತ ಹೇಳಿಬಿಟ್ಟಿದ್ದಾರೆ.

ಇದಕ್ಕೆ ಉಲ್ಟಾ ಹೊಡೆಯೋರೂ ಇದ್ದಾರೆ. ಅಕ್ಕ ಗಾಬರಿಯಾಗಿ ದುಡ್ಡು ಕೊಟ್ಟು ಒಬ್ಬ ಸಲಹೆಗಾರರಿಗೆ ತೋರಿಸಿದಳು. ಅವರ ಕೈಯಲ್ಲಿ ಅದೇ ಕಥೆ ‘ಗ್ರಾಮೀಣ ಹೈನುಗಾರಿಕೆಯಲ್ಲಿ ಕ್ರಾಂತಿ ತಂದ ಯುವ ನಾಯಕಿ’ ಆಗಿ ವಾಪಸ್ ಬಂತು. ಹುಡುಗಿ ಅತ್ತಿದ್ದೊಂದು ಬಾಕಿ. ನಾನು ಒಂದೇ ಮಾತು ಹೇಳಿದೆ: ‘ಪ್ರತಿ ಸಾಲನ್ನೂ ಕನ್ನಡದಲ್ಲಿ ಅಜ್ಜಿ ಎದುರು ಹೇಳು. ಅವರು ಹೂಂ ಅಂದ್ರೆ ಇರಲಿ, ನಕ್ಕರೆ ಹೊಡೆದುಹಾಕು.’ ಕ್ರಾಂತಿ, ನಾಯಕಿ, ಛಲಗಾತಿ ಎಲ್ಲ ಹೋದವು. ಚೀಟಿ ಇಳಿಸಿದ್ದು, ಮೇವು ಕೇಳಿ ಬರೆದದ್ದು, ವಾರ ಗುರುತಿಸಿದ್ದು, ಹುಲ್ಲು ತರಿಸೋಣ ಅಂದದ್ದು ಉಳಿದವು. ನಾಲ್ಕಕ್ಕೂ ಕರ್ತೃ ಅವಳೇ, ಆದರೂ ಒಂದರಲ್ಲೂ ಜಂಬ ಇಲ್ಲ.

ಅವಳು ತಾನಾಗಿ ಸೇರಿಸಿದ ಒಂದು ಸಾಲು ನನಗೆ ಎಲ್ಲಕ್ಕಿಂತ ಹಿಡಿಸಿತು: ಅದೇ ಹೊತ್ತಿಗೆ ಮಳೆಯೂ ಹಿಡಿದಿತ್ತು, ಹಾಗಾಗಿ ಫ್ಯಾಟ್ ಇಳಿದದ್ದು ಹುಲ್ಲಿನಿಂದ ಮಾತ್ರ ಅಂತ ಖಡಾಖಂಡಿತ ಹೇಳಲಾರೆ, ಒಂದೇ ಹಸುವಿನ ಲೆಕ್ಕ ಸಾಲದು ಅಂತ ಗೊತ್ತಾದ ಮೇಲೇ ಪಕ್ಕದ ಮನೆಯವರ ಚೀಟಿಗಳನ್ನೂ ಬರೆದಿಡೋಕೆ ಶುರುಮಾಡಿದೆ. ಸಲಹೆಗಾರರು ಇದನ್ನ ನೋಡಿದ್ರೆ ‘ವೀಕ್ ಆಗುತ್ತೆ’ ಅಂತ ತೆಗೆಸ್ತಿದ್ರು. ನನ್ನ ಪ್ರಕಾರ ಮನೆಯ ವಿನಯ ಕೂರಬೇಕಾದ ಜಾಗ ಇದೇ. ತನಗೆ ಗೊತ್ತಿರೋದರ ಅಳತೆ ತಿಳಿದ ಹುಡುಗಿ ಅಂತ ಓದೋರಿಗೆ ಇಲ್ಲಿ ಕಾಣುತ್ತೆ.

ಕೃತಜ್ಞತೆಯ ಪ್ಯಾರಾಗೆ ಏನಾಯ್ತು ಅಂತೀರಾ? 650ರಲ್ಲಿ ನೂರಕ್ಕೂ ಹೆಚ್ಚು ಪದ ನುಂಗಿತ್ತು. ಅಪ್ಪ ಅಮ್ಮನ ಬಗ್ಗೆ ಯಾರು ಬೇಕಾದ್ರೂ ಬರೆಯಬಹುದಾದ ಮಾತುಗಳೇ. ಅದನ್ನ ತೆಗೆದದ್ದಕ್ಕೆ ಅಕ್ಕನಿಗೆ ಕೋಪ ಬಂತು, ಹೋಯ್ತು. ಬದಲಿಗೆ ಅಜ್ಜಿಯೇ ಪ್ರಬಂಧದ ತುಂಬ ಓಡಾಡ್ತಿದ್ದಾರೆ, ಮಿಷನ್ನಿಗೆ ಬೈಯುತ್ತಾ.

ಅರ್ಜಿಯಲ್ಲಿ ಪ್ರಬಂಧ ಅಲ್ಲದೆ ಚಟುವಟಿಕೆಗಳ ಪಟ್ಟಿಯೂ ಇದೆ. ಹತ್ತರವರೆಗೆ ಹಾಕಬಹುದು, ಪ್ರತಿಯೊಂದರ ವಿವರಣೆ 150 ಅಕ್ಷರಕ್ಕೆ ಮುಗೀಬೇಕು, ಸ್ಪೇಸ್ ಕೂಡ ಲೆಕ್ಕಕ್ಕೆ ಬರುತ್ತೆ. ಊರಿನ ಪೋಷಕರಿಗೆ ಇದನ್ನ ಒತ್ತಿ ಹೇಳ್ತೀನಿ: ಆ ಪಟ್ಟಿಯ ಬಗೆಗಳಲ್ಲಿ ಕುಟುಂಬದ ಜವಾಬ್ದಾರಿ ಅನ್ನೋದೂ ಒಂದು. ತಮ್ಮನನ್ನು ನೋಡಿಕೊಂಡದ್ದು, ಅಂಗಡಿಯಲ್ಲಿ ಕೂತದ್ದು, ಹಾಲಿನ ಲೆಕ್ಕ ಇಟ್ಟದ್ದು ಎಲ್ಲ ಅಲ್ಲಿ ಹಾಕೋಕೆ ಅಂತಲೇ ಇರೋ ಜಾಗ. ನಮ್ಮ ಮಕ್ಕಳು ಅದನ್ನ ಖಾಲಿ ಬಿಟ್ಟು ಯಾವುದೋ ಆನ್‌ಲೈನ್ ಸರ್ಟಿಫಿಕೇಟ್ ತುಂಬಿಸ್ತಾರೆ.

ಹಾಗಾದ್ರೆ ಹೊಗಳೋರು ಯಾರು? ಆ ಕೆಲಸ ಶಿಕ್ಷಕರ ಶಿಫಾರಸು ಪತ್ರದ್ದು. ತೊಡಕು ಅಂದ್ರೆ, ನಮ್ಮಲ್ಲಿ ಆ ಪತ್ರ ಬಹಳ ಸಲ ‘ಪ್ರಾಮಾಣಿಕ, ಶ್ರಮಜೀವಿ, ವಿಧೇಯ ವಿದ್ಯಾರ್ಥಿನಿ’ಗೆ ನಿಂತುಬಿಡುತ್ತೆ. ಇವಳು ಕೇಳಿದಾಗ ಮೇಷ್ಟ್ರು ‘ನೀನೇ ಟೈಪ್ ಮಾಡ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ’ ಅಂದ್ರಂತೆ, ಒಳ್ಳೇ ಮನಸ್ಸಿನಿಂದಲೇ. ಅದು ಆಗಲ್ಲ. ಪತ್ರವನ್ನ ಶಿಕ್ಷಕರೇ ಬರೆದು ತಮ್ಮ ಲಾಗಿನ್‌ನಿಂದ ಹಾಕಬೇಕು. ಅದನ್ನ ನೋಡೋ ಹಕ್ಕನ್ನ ಬಿಟ್ಟುಕೊಡ್ತೀಯಾ ಅಂತ ಅರ್ಜಿ ವಿದ್ಯಾರ್ಥಿಯನ್ನೇ ಕೇಳುತ್ತೆ, ಸಾಮಾನ್ಯವಾಗಿ ಎಲ್ಲರೂ ಹೂಂ ಅಂತಾರೆ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಶಿಕ್ಷಕರಿಗೆ ತಮ್ಮ ಕೆಲಸಗಳನ್ನ ಒಂದು ಹಾಳೆಯಲ್ಲಿ ಬರೆದುಕೊಡ್ತಾರೆ, ಬ್ರ್ಯಾಗ್ ಶೀಟ್ ಅಂತಾರೆ ಅದಕ್ಕೆ. ಇವಳೂ ಒಂದು ಹಾಳೆ ಮಾಡಿದಳು: ಮೇಷ್ಟ್ರ ಕ್ಲಾಸಿನಲ್ಲಿ ಯಾವ ದಿನ ಯಾವ ಪ್ರಶ್ನೆ ಕೇಳಿದ್ದೆ, ಪ್ರದರ್ಶನದ ಮಾದರಿಯಲ್ಲಿ ಯಾವ ಭಾಗ ನನ್ನದು, ಡೈರಿ ನೋಟ್‌ಬುಕ್ಕಿನ ಎರಡು ಪುಟದ ಜೆರಾಕ್ಸ್. ಹೊಗಳಿಕೆಯ ಒಂದು ಪದವೂ ಹಾಕಲಿಲ್ಲ. ಮೇಷ್ಟ್ರು ಜೆರಾಕ್ಸ್ ನೋಡಿ, ‘ಇದೆಲ್ಲ ಮಾಡಿದ್ದು ನೀನಾ? ಹೇಳ್ಲೇ ಇಲ್ವಲ್ಲ’ ಅಂದು, ಪತ್ರ ಬರೆಯೋಕೆ ಒಂದು ವಾರ ಟೈಮು ಕೇಳಿದ್ರಂತೆ.