ಓರೆ ಫೋಟೋದ ಕಾಂಟೂರ್ ನಕ್ಷೆ ಮತ್ತು ಹಳ್ಳದ ದಾರಿ

ಚಿಕ್ಕಮಗಳೂರಿನ ಗಿರಿಸಾಲಿನ ತಪ್ಪಲಲ್ಲಿರುವ ಒಂದು ಕಾಫಿ ತೋಟಕ್ಕೆ, ಮೇಲಿನ ನೀರಿನ ಟ್ಯಾಂಕಿನವರೆಗೆ ಪಿಕಪ್ ಹತ್ತುವ ದಾರಿ ಬೇಕಿತ್ತು. ಸೈಟಿನಿಂದ ಬಂದದ್ದು ನೆಲದ ಎತ್ತರವನ್ನು ಕಾಂಟೂರ್ ಗೆರೆಗಳಲ್ಲಿ ತೋರಿಸುವ ಟೋಪೋಶೀಟ್ ನಕ್ಷೆಯ ಒಂದು ವಾಟ್ಸಾಪ್ ಫೋಟೋ, ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಮೂರು ದಾರಿ. ಬೆನ್ನಿಗೇ ಮ್ಯಾನೇಜರ್ ಫೋನು: "ಯಾವುದು ಜಾಸ್ತಿ ಕಡಿದು ಅಂತ ಬೇಗ ಹೇಳಿ, ನಾಳೆ ಜೆಸಿಬಿ ಬರುತ್ತೆ." ಸ್ಕ್ಯಾನ್ ಕಾಪಿ ಕೇಳಿದರೆ ಯಾವತ್ತೂ ಇದೇ ಕಥೆ. ಫೋಟೋದಲ್ಲೇ ತೀರ್ಮಾನ ಆಗಬೇಕು.

ನಕ್ಷೆಯನ್ನು ಜೀಪಿನ ಬಾನೆಟ್ ಮೇಲೆ ಹರಡಿ ಓರೆಯಾಗಿ ತೆಗೆದ ಫೋಟೋ ಅದು. ಹಾಗೆ ತೆಗೆದಾಗ ದೂರದ ಅಂಚು ಕುಗ್ಗಿ, ಅಲ್ಲಿನ ಗೆರೆಗಳು ಇರುವುದಕ್ಕಿಂತ ಹತ್ತಿರ ಹತ್ತಿರ ಕಾಣುತ್ತವೆ. ಕಣ್ಣಳತೆಗೆ ನಕ್ಷೆಯ ಮೇಲ್ಭಾಗವೆಲ್ಲ ಕಡಿದು ಅನ್ನಿಸಿಬಿಡುತ್ತದೆ. ಝೂಮ್ ಮಾಡಿದ ಫೋಟೋಗೆ 1:50,000 ಎಂಬ ಸ್ಕೇಲೂ ಉಪಯೋಗಕ್ಕೆ ಬರುವುದಿಲ್ಲ. ಆಗ ನಂಬಬೇಕಾದದ್ದು ಒಂದು ಕಿಲೋಮೀಟರಿನ ಗ್ರಿಡ್ ಚೌಕವನ್ನು. ದಾರಿ ಯಾವ ಚೌಕದಲ್ಲಿ ಹೋಗುತ್ತದೋ ಅದೇ ಚೌಕದ ಬದಿಯನ್ನು, ಅದೂ ದಾರಿ ಸಾಗುವ ದಿಕ್ಕಿನ ಬದಿಯನ್ನು, ಅಳತೆಗೋಲು ಮಾಡಿಕೊಳ್ಳಬೇಕು. ಕೆಳಗಿನ ಚೌಕದ ಅಳತೆಯನ್ನು ಮೇಲಿನದಕ್ಕೆ ಹಾಕಿದರೆ ಲೆಕ್ಕವೇ ತಪ್ಪು.

ಈ ಹಾಳೆಯಲ್ಲಿ ಗೆರೆಯಿಂದ ಗೆರೆಗೆ ಎತ್ತರ 20 ಮೀಟರ್, ಪ್ರತಿ ಐದನೆಯದು ದಪ್ಪ ಗೆರೆ, ಅಂದರೆ ದಪ್ಪ ಗೆರೆಯಿಂದ ದಪ್ಪ ಗೆರೆಗೆ 100 ಮೀಟರ್. ಎರಡು ಗೆರೆಗಳ ನಡುವಿನ ಅಂತರ ಚೌಕದ ಬದಿಯ ಹತ್ತನೇ ಒಂದು ಪಾಲಿದ್ದರೆ 100 ಮೀಟರ್ ನಡೆದು 20 ಮೀಟರ್ ಏರಿದ ಹಾಗೆ, 20%. ಇಪ್ಪತ್ತನೇ ಒಂದು ಪಾಲಿದ್ದರೆ 40%. ಇದನ್ನು 40 ಡಿಗ್ರಿ ಎಂದು ಬರೆಯುವವರಿದ್ದಾರೆ. 40% ಅಂದರೆ ಸುಮಾರು 22 ಡಿಗ್ರಿ. 100% ಆದಾಗ 45 ಡಿಗ್ರಿ.

ಮೂರೂ ದಾರಿ 1100 ಮೀಟರಿನ ದಪ್ಪ ಗೆರೆಯಿಂದ ಹೊರಟು 1300ರ ಗೆರೆ ಮುಟ್ಟುತ್ತವೆ. ಇಲ್ಲಿ ಎಣಿಸಬೇಕಾದದ್ದು ಗೆರೆಗಳನ್ನಲ್ಲ, ಅವುಗಳ ನಡುವಿನ ಜಾಗಗಳನ್ನು. ಗೆರೆ ಹನ್ನೊಂದು, ಜಾಗ ಹತ್ತು. ಗೆರೆ ಎಣಿಸಿ 220 ಮೀಟರ್ ಏರು ಎಂದು ರಿಪೋರ್ಟು ಕೊಡುವುದು ದಿನನಿತ್ಯ ನಡೆಯುವ ತಪ್ಪು.

ಮೊದಲನೇ ದಾರಿಯಲ್ಲಿ ಗೆರೆಗಳು ಇಳಿಜಾರಿನ ಕಡೆಗೆ ಚಾಚಿಕೊಂಡಿವೆ. ಅದು ಗುಡ್ಡದ ಏಣು. ಎರಡನೆಯದರಲ್ಲಿ ಗೆರೆಗಳು 'ವಿ' ಆಕಾರದಲ್ಲಿ ಮಡಚಿ, ಅದರ ಚೂಪು ಎತ್ತರದ ಕಡೆಗಿದೆ. ಅದು ಹಳ್ಳದ ಕಣಿವೆ. ಮಬ್ಬು ಫೋಟೋದಲ್ಲಿ ಕಂದು ಕಾಂಟೂರೂ ಹಳ್ಳದ ಗೆರೆಯೂ ಒಂದೇ ಬಣ್ಣ ಕಾಣುತ್ತವೆ; ಬೇಸಗೆಯಲ್ಲಿ ಒಣಗುವ ಹಳ್ಳವನ್ನಂತೂ ಟೋಪೋಶೀಟಿನಲ್ಲೇ ಕಪ್ಪಾಗಿ ಬರೆದಿರುತ್ತಾರೆ. ಆ 'ವಿ'ಗಳ ಚೂಪನ್ನೆಲ್ಲ ಕತ್ತರಿಸಿಕೊಂಡು ಹೋಗುವ ಗೆರೆಯೇ ಹಳ್ಳ. ಮೂರನೇ ದಾರಿ ಏಣಿಗೂ ಹಳ್ಳಕ್ಕೂ ನಡುವಿನ ಬದಿಯಲ್ಲಿ ನೇರ ಹತ್ತುತ್ತದೆ.

ಈಗ ಲೆಕ್ಕ. ಏಣಿನ ದಾರಿ 1.6 ಕಿಮೀ, ಸರಾಸರಿ 12.5%. ನೇರ ದಾರಿ 1 ಕಿಮೀ, ಸರಾಸರಿ 20%. ಹಳ್ಳದ ದಾರಿ 2 ಕಿಮೀ, ಸರಾಸರಿ ಬರೀ 10%. ಆಫೀಸಿನಲ್ಲಿ ಎಲ್ಲರೂ ನೇರ ದಾರಿಯೇ ಕಡಿದು ಎಂದು ಬೆರಳಿಟ್ಟರು, ಜೆಸಿಬಿಗೆ ಹಳ್ಳದ ದಾರಿ ಎಂದು ಹೆಚ್ಚುಕಡಿಮೆ ಗೊತ್ತಾಗಿಹೋಗಿತ್ತು. ಸರಾಸರಿಯ ಅಪಾಯ ಇರುವುದೇ ಇಲ್ಲಿ. ಹಳ್ಳದ ದಾರಿ 1200ರ ಗೆರೆವರೆಗೆ 1.75 ಕಿಮೀ ಆರಾಮಾಗಿ ಸಾಗುತ್ತದೆ, ಸುಮಾರು 6%. ಉಳಿದ 100 ಮೀಟರ್ ಏರು ಕೊನೆಯ 250 ಮೀಟರಿನಲ್ಲಿ, ಚೌಕದ ಬದಿಯ ಕಾಲುಭಾಗದೊಳಗೆ, ಮುಗಿಯಬೇಕು. ಅಂದರೆ 40%. ಹಳ್ಳ ಹುಟ್ಟುವ ತಲೆಭಾಗದಲ್ಲಿ ಗೆರೆಗಳು ಹೀಗೆ ಒತ್ತಾಗುವುದು ಸಾಮಾನ್ಯ, ಮೊದಲು ಅಳೆಯಬೇಕಾದ ಜಾಗ ಅದು. ಲೋಡು ಹೊತ್ತ ಪಿಕಪ್ ಅಲ್ಲಿ ಹತ್ತುವ ಮಾತೇ ಇಲ್ಲ. ನೇರ ದಾರಿಯಲ್ಲಿ ಅತಿ ಕಡಿದಾದ ತುಂಡೂ 20% ದಾಟುವುದಿಲ್ಲ, ಏಣಿನಲ್ಲಿ 16%.

ಹಾಗಾಗಿ ಉತ್ತರ ಎರಡು ಕೊಡಬೇಕಾಯಿತು: ಸರಾಸರಿಯಲ್ಲಿ ಕಡಿದು ಮೂರನೆಯದು, ತುಂಡಿನ ಲೆಕ್ಕದಲ್ಲಿ ಕಡಿದು ಎರಡನೆಯದು. ವಾಹನಕ್ಕೆ ಮುಖ್ಯವಾಗುವುದು ತುಂಡಿನ ಲೆಕ್ಕ. ಏಣಿನ ಮೇಲೆ ದಾರಿ ಮಾಡಿದರೂ 16% ತುಂಡುಗಳಲ್ಲಿ ಹಾವುನಡೆಯ ತಿರುವು ಬೇಕು. ಅಲ್ಲಿ ಎರಡು ಗೆರೆಗಳ ನಡುವೆ 125 ಮೀಟರ್ ಇದೆ. ಏರನ್ನು 10%ಗೆ ಇಳಿಸಬೇಕಾದರೆ ದಾರಿ ಓರೆಯಾಗಿ ಸಾಗಿ 200 ಮೀಟರ್ ತೆಗೆದುಕೊಳ್ಳಬೇಕು.

ನಕ್ಷೆ ಹೇಳಲಾಗದ ಒಂದು ವಿಷಯ ಉಳಿಯುತ್ತದೆ. ಎರಡು ಗೆರೆಗಳ ನಡುವೆ 15 ಮೀಟರಿನ ದರೆ ಇದ್ದರೂ 20 ಮೀಟರ್ ಅಂತರದ ಕಾಂಟೂರಿನಲ್ಲಿ ಅದು ಕಾಣದೇ ಹೋಗಬಹುದು. ಜೆಸಿಬಿ ಕರೆಸುವ ಮುಂಚೆ ಏಣಿನ ಆ 16% ತುಂಡುಗಳನ್ನಾದರೂ ಇಳಿಜಾರು ಅಳೆಯುವ ಕ್ಲಿನೋಮೀಟರ್ ಹಿಡಿದು ನಡೆದು ನೋಡಬೇಕು.