ಕಾಟಾದ ಪಟ್ಟಿ, ಎರಡು ಬೆರಳು

12 ಜನವರಿ 2025, ಭಾನುವಾರ
ಕಲಬುರಗಿ

ನಾಳೆ ಭೋಗಿ. ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಸಜ್ಜೆ ರೊಟ್ಟಿ ತಟ್ಟುವ ಸದ್ದು. ನಾನು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ಶುಕ್ರವಾರ ಗಂಜ್ ಕಡೆಯ ಒಂದು ಕಾಟಾದ ಮುನೀಮರು ತಂದಿಟ್ಟ ತಲೆನೋವು ಇನ್ನೂ ಮುಗಿದಿಲ್ಲ.

ವಿಷಯ ಇಷ್ಟು. ತೊಗರಿ ಸೀಸನ್. ಗಾಡಿಗಳು ಕಾಟಾ ಹತ್ತಿ ಇಳಿಯುತ್ತವೆ. ತೂಕ ಆದ ಹಾಗೆ ಒಂದೊಂದು ಸಾಲು ಕಂಪ್ಯೂಟರ್‌ನಲ್ಲಿ ಬೀಳುತ್ತದೆ. ಅತ್ತ ಅಡತ್ ಅಂಗಡಿಯವರು ತಮ್ಮ ಪುಸ್ತಕದಲ್ಲಿ ಗಾಡಿ ಬಂದ ಹಾಗೆ ಬರೆದುಕೊಳ್ಳುತ್ತಾರೆ, ಬರೀ ಊರಿನ ಹೆಸರು. ದಿನಕ್ಕೊಂದು ಪುಟ. ಈಗ ಲೆಕ್ಕ ತಾಳೆ ಆಗುತ್ತಿಲ್ಲ. ಮುನೀಮರು ಕೇಳಿದ್ದು ಒಂದೇ ಮಾತು:

"ಅವರ ಪುಟದಾಗ ಇದ್ದ ಊರು, ಅದೇ ಸರತಿಗೆ, ನಮ್ಮ ಕಾಟಾ ಪಟ್ಟಿಯೊಳಗ ಅದಾವೋ ಇಲ್ಲೋ, ಅಷ್ಟ ಹೇಳ್ರಿ ಸಾಕು."

ನಡುವೆ ಬೇರೆ ಅಂಗಡಿಯ ಗಾಡಿಗಳು ಎಷ್ಟು ಬೇಕಾದರೂ ಬಂದಿರಲಿ. ಸರತಿ ಮಾತ್ರ ಕೆಡಬಾರದು. ಇದನ್ನೇ ಪ್ರೋಗ್ರಾಮಿಂಗ್‌ನವರು ಸಬ್‌ಸೀಕ್ವೆನ್ಸ್ ಅನ್ನುವುದು. ಪಕ್ಕಪಕ್ಕ ಇರಬೇಕಿಲ್ಲ, ಹಿಂದೆಮುಂದೆ ಆಗಬಾರದು.

ಮುನೀಮರಿಗೆ ಕಾಗದದ ಮೇಲೇ ತೋರಿಸಿದೆ. ಕಾಟಾ ಪಟ್ಟಿಯ ಒಂದು ತುಂಡು, ಒಂಬತ್ತು ಸಾಲು. ಎಣಿಕೆ 0ಯಿಂದ:

```
0 ಆಳಂದ
1 ಜೇವರ್ಗಿ
2 ಸೇಡಂ
3 ಆಳಂದ
4 ಚಿಂಚೋಳಿ
5 ಅಫಜಲಪುರ
6 ಸೇಡಂ
7 ಆಳಂದ
8 ಜೇವರ್ಗಿ
```

ಒಂದು ಅಂಗಡಿಯ ಪುಟದಲ್ಲಿ ಆಳಂದ, ಸೇಡಂ, ಆಳಂದ, ಜೇವರ್ಗಿ ಅಂತಿದೆ. ಎಡಗೈ ಬೆರಳು ಪುಟದ ಮೇಲೆ, ಬಲಗೈ ಬೆರಳು ಕಾಟಾ ಪಟ್ಟಿಯ ಮೇಲೆ. ಬಲಗೈ ಪ್ರತಿ ಸಲ ಒಂದು ಸಾಲು ಕೆಳಗೆ ಇಳಿಯುತ್ತದೆ. ಎರಡೂ ಊರು ಒಂದೇ ಆದಾಗ ಮಾತ್ರ ಎಡಗೈಯೂ ಇಳಿಯುತ್ತದೆ. 0ಯಲ್ಲಿ ಆಳಂದ ಸಿಕ್ಕಿತು, 2ರಲ್ಲಿ ಸೇಡಂ, 3ರಲ್ಲಿ ಆಳಂದ. ಆಮೇಲೆ ಜೇವರ್ಗಿ ಸಿಗೋದು 8ರಲ್ಲಿ. ಎಡಗೈ ಪುಟದ ಕೊನೆ ಮುಟ್ಟಿತು, ಪುಟ ಸರಿ.

ಇನ್ನೊಂದು ಪುಟ: ಸೇಡಂ, ಅಫಜಲಪುರ, ಚಿಂಚೋಳಿ. ಮೂರೂ ಊರು ಪಟ್ಟಿಯಲ್ಲಿವೆ. ಎಷ್ಟು ಸಲ ಇವೆ ಅಂತ ಎಣಿಸಿ ನೋಡಿದರೂ ಸರಿ ಅಂತಲೇ ಬರುತ್ತದೆ. ಆದರೆ 2ರಲ್ಲಿ ಸೇಡಂ, 5ರಲ್ಲಿ ಅಫಜಲಪುರ ಆದ ಮೇಲೆ ಕೆಳಗೆ ಚಿಂಚೋಳಿ ಇಲ್ಲವೇ ಇಲ್ಲ. ತಪ್ಪು. ಹಾಗಂತ ಚಿಂಚೋಳಿಯನ್ನೇ ತಪ್ಪು ಬರೆದಿದ್ದಾರೆ ಅಂತಲ್ಲ. ಅದನ್ನು ಅಫಜಲಪುರಕ್ಕಿಂತ ಮೊದಲು ಬರೆಯಬೇಕಿತ್ತೇನೋ. ಎಡಗೈ ಎಲ್ಲಿ ನಿಂತಿತು ಅನ್ನೋದು ಹುಡುಕಲು ಶುರು ಮಾಡುವ ಜಾಗ, ಅಷ್ಟೇ.

ಮುನೀಮರು ಒಂದು ಒಳ್ಳೆ ಪ್ರಶ್ನೆ ಕೇಳಿದರು. "ಮೊದಲಿನ ಆಳಂದನ ಯಾಕ ಹಿಡಿದ್ರಿ? ಅವರ ಗಾಡಿ 3ನೇದ್ದು ಇದ್ದರ?" ಇರಬಹುದು. ಆದರೂ ಮೊದಲು ಸಿಕ್ಕಿದ್ದನ್ನೇ ಹಿಡಿದರೆ ನಷ್ಟ ಇಲ್ಲ. 3ನೇದ್ದನ್ನು ಹಿಡಿದು ಉಳಿದ ಪುಟ ಕೂಡಿಸಲು ಆಗುವುದಾದರೆ, 0 ಹಿಡಿದರೂ ಆಗೇ ಆಗುತ್ತದೆ. 3ರ ಕೆಳಗಿರುವುದೆಲ್ಲ 0ಯ ಕೆಳಗೂ ಇದೆಯಲ್ಲ! ಬೇಗ ಹಿಡಿದಷ್ಟೂ ಕೆಳಗೆ ಜಾಗ ಜಾಸ್ತಿ ಉಳಿಯುತ್ತದೆ. ಹಿಂದಕ್ಕೆ ಹೋಗಿ ಮತ್ತೆ ನೋಡುವ ಕೆಲಸವೇ ಇಲ್ಲ.

```python
def ide(puta, kata):
    i = 0
    for uru in kata:
        if i == len(puta):
            break
        if uru == puta[i]:
            i += 1
    return i == len(puta)
```

ಇದರಲ್ಲೂ ಒಂದು ತಮಾಷೆ ಆಯ್ತು. ಏನೂ ಬರೆಯದ ಪುಟಗಳೆಲ್ಲ "ಸರಿ" ಅಂತ ಬಂದವು. ಲೆಕ್ಕದ ಪ್ರಕಾರ ಅದು ತಪ್ಪಲ್ಲ, ಖಾಲಿ ಪಟ್ಟಿ ಯಾವ ಪಟ್ಟಿಯೊಳಗೂ ಕೂರುತ್ತದೆ. ಮುನೀಮರ ಮುಂದೆ ಹಾಗೆ ಹೇಳಿದರೆ ನಡೆಯುತ್ತಾ? ಖಾಲಿ ಪುಟಗಳನ್ನು ಮೊದಲೇ ಬೇರೆ ತೆಗೆದೆ.

ಶನಿವಾರ ಇಡೀ ಸೀಸನ್ ಓಡಿಸಿದೆ. 45 ದಿನ, ಕಾಟಾ ಪಟ್ಟಿಯಲ್ಲಿ ಸುಮಾರು 12,000 ಸಾಲು. ಅಂಗಡಿಗಳ ಪುಟ 1,000, ಪುಟಕ್ಕೆ ಹತ್ತರ ಆಸುಪಾಸು ಊರು. ಪ್ರತಿ ಪುಟಕ್ಕೂ ಬಲಗೈ ಬೆರಳು ಮೊದಲಿಂದ ಇಳಿಯಬೇಕು. ತೀರಾ ಕೆಟ್ಟ ಸಂದರ್ಭದಲ್ಲಿ 1,000 ಗುಣಿಸು 12,000, ಅಂದರೆ 1.2 ಕೋಟಿ ಹೆಜ್ಜೆ. ಒಂದು ಸಲಕ್ಕೆ ಅಡ್ಡಿಯಿಲ್ಲ. ಆದರೆ ಮುನೀಮರು ಒಂದು ಊರಿನ ಕಾಗುಣಿತ ತಿದ್ದಿದಾಗಲೆಲ್ಲ ಮತ್ತೆ ಓಡಿಸಬೇಕು, ಅದೂ ಕಾಟಾದ ಆ ಹಳೇ ಕಂಪ್ಯೂಟರ್‌ನಲ್ಲಿ.

ಕಾಟಾ ಪಟ್ಟಿ ಒಂದೇ, ಪ್ರಶ್ನೆಗಳು ಮಾತ್ರ ಸಾವಿರ. ಹಾಗಾಗಿ ಪಟ್ಟಿಯನ್ನು ಒಂದೇ ಸಲ ಓದಿ, ಪ್ರತಿ ಊರು ಯಾವ ಯಾವ ಸಾಲಿನಲ್ಲಿದೆ ಅಂತ `jaga`ದಲ್ಲಿ ಬರೆದಿಟ್ಟುಕೊಂಡೆ. ಮೇಲಿನ ತುಂಡಿನಲ್ಲಿ ಆಳಂದ ಅಂದರೆ 0, 3, 7. ಸೇಡಂ ಅಂದರೆ 2, 6. ಈಗ ಬೆರಳು ಸಾಲುಸಾಲಾಗಿ ಇಳಿಯಬೇಕಿಲ್ಲ. ಸೇಡಂ 2ರಲ್ಲಿ ಸಿಕ್ಕಿತಾ? ಆಳಂದದ ಪಟ್ಟಿಯಲ್ಲಿ 2ಕ್ಕಿಂತ ದೊಡ್ಡದಾದ ಮೊದಲ ಸಂಖ್ಯೆ ಯಾವುದು? 3. ನೇರ ಅಲ್ಲಿಗೇ ಜಿಗಿತ. ಸಂಖ್ಯೆಗಳು ಏರಿಕೆಯಲ್ಲೇ ಇರುವುದರಿಂದ, ಪ್ರತಿ ಹೆಜ್ಜೆಗೂ ಅರ್ಧ ಪಟ್ಟಿ ಬಿಡುತ್ತಾ ಹುಡುಕುವ ಬೈನರಿ ಸರ್ಚ್ ಸಾಕು. ಒಂದು ಊರು 900 ಸಲ ಇದ್ದರೂ ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಒಟ್ಟು 10,000 ಹುಡುಕಾಟ, ಹೆಚ್ಚೆಂದರೆ ಒಂದು ಲಕ್ಷ ಹೆಜ್ಜೆ. ಹೊಸ ಗಾಡಿ ಬಂದರೆ ಆ ಊರಿನ ಪಟ್ಟಿಯ ಕೊನೆಗೆ ಒಂದು ಸಂಖ್ಯೆ ಸೇರಿಸಿದರಾಯ್ತು.

```python
from bisect import bisect_right

def ide(puta, jaga, modalu, kone):
    eega = modalu - 1
    for uru in puta:
        salu = jaga.get(uru, [])
        k = bisect_right(salu, eega)
        if k == len(salu) or salu[k] >= kone:
            return False
        eega = salu[k]
    return True
```

ಮೊದಲು ಬರೆದಾಗ ನಾನು `bisect_left` ಹಾಕಿದ್ದೆ. ಅದು `eega` ಇರುವ ಜಾಗವನ್ನೇ ಕೊಡುತ್ತದೆ, ಮುಂದಿನದನ್ನಲ್ಲ. ಪುಟದಲ್ಲಿ ಆಳಂದ ನಾಲ್ಕು ಸಲ ಬರೆದಿದ್ದರೆ ನಾಲ್ಕೂ ಸಲ 0ನೇ ಸಾಲಿಗೇ ಅಂಟಿಕೊಂಡು "ಸರಿ" ಅನ್ನುತ್ತಿತ್ತು. ಪಟ್ಟಿಯಲ್ಲಿ ಆಳಂದ ಇರೋದೇ ಮೂರು! ಬೇರೆ ಬೇರೆ ಊರು ಇರುವ ಪುಟದಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಒಂದೇ ಊರು ಬೆನ್ನುಬೆನ್ನಿಗೆ ಬಂದಾಗ ಮಾತ್ರ ಸಿಕ್ಕಿಬೀಳುತ್ತದೆ. ಪರೀಕ್ಷೆಗೆ ಅಂತಹದ್ದೊಂದು ಪುಟ ಕೈಯಾರೆ ಬರೆದಿಟ್ಟುಕೊಳ್ಳಬೇಕು.

ಆ `modalu`, `kone` ಆಮೇಲೆ ಸೇರಿಸಿದ್ದು. ಅದಕ್ಕೆ ಕಾರಣ ನಿನ್ನೆ ರಾತ್ರಿಯ ನನ್ನ ದಡ್ಡತನ. ಮೊದಲ ಸಲ ಇಡೀ ಸೀಸನ್ ಮೇಲೆ ಓಡಿಸಿದಾಗ ಹೆಚ್ಚುಕಡಿಮೆ ಎಲ್ಲ ಪುಟವೂ "ಸರಿ" ಬಂತು. ಖುಷಿಯಿಂದ ಮುನೀಮರಿಗೆ ಫೋನ್ ಮಾಡಲು ಹೊರಟಿದ್ದೆ. ಅನುಮಾನ ಬಂದು ಒಂದು ಪುಟವನ್ನು ಬೇಕಂತಲೇ ತಲೆಕೆಳಗು ಮಾಡಿ ಕೊಟ್ಟೆ. ಅದೂ ಸರಿ! ಇನ್ನೊಂದು ಕೊಟ್ಟೆ, ಅದೂ ಸರಿ.

ಲೆಕ್ಕ ಹಾಕಿದರೆ ಅದು ಹಾಗೇ ಆಗಬೇಕಿತ್ತು. ಪಟ್ಟಿಯಲ್ಲಿ ಇರೋದು ಸುಮಾರು 60 ಊರು. ಎಲ್ಲ ಊರೂ ಸಮನಾಗಿ ಬರುತ್ತವೆ ಅಂದುಕೊಂಡರೆ, ಬೇಕಾದ ಊರು ಸಿಗಲು ಸರಾಸರಿ 60 ಸಾಲು ಇಳಿಯಬೇಕು. ಹತ್ತು ಊರಿಗೆ 600 ಸಾಲು. ನಮ್ಮ ಹತ್ತಿರ ಇರೋದು 12,000. ಕಣ್ಣು ಮುಚ್ಚಿ ಬರೆದ ಪುಟವೂ ಅದರಲ್ಲಿ ಎಲ್ಲೋ ಒಂದು ಕಡೆ ಕೂತೇ ಕೂರುತ್ತದೆ. ಇದರ ಬದಲು ಒಂದು ದಿನದ ಸಾಲು ತೆಗೆದುಕೊಂಡರೆ ಸುಮಾರು 270. ಅಲ್ಲಿ ಸುಳ್ಳು ಪುಟ ತಪ್ಪಿಸಿಕೊಳ್ಳೋದು ಕಷ್ಟ.

ಹಾಗಾಗಿ ಪುಟದ ತಾರೀಖು ನೋಡಿ ಆ ದಿನದ ಮೊದಲ ಸಾಲು `modalu`, ಮರುದಿನದ ಮೊದಲ ಸಾಲು `kone`. ಮತ್ತೆ ಓಡಿಸಿದಾಗ ತಲೆಕೆಳಗಾದ ಪುಟಗಳು ಬಿದ್ದವು. ನಿಜವಾಗಿ ತಪ್ಪಿದ್ದ ಪುಟಗಳೂ ಹೊರಗೆ ಬಂದವು. ನಿಜ ಹೇಳಬೇಕೆಂದರೆ, ದಿನದ ಮಿತಿ ಹಾಕಿದ ಮೇಲೆ ಹಳೇ ಎರಡು ಬೆರಳೇ ಸಾಕಿತ್ತು. 270 ಗುಣಿಸು 1,000, 2.7 ಲಕ್ಷ ಹೆಜ್ಜೆ. ಊರಿನ ಪಟ್ಟಿ ಉಪಯೋಗಕ್ಕೆ ಬಂದದ್ದು ತಾರೀಖು ಬರೆಯದ ಪುಟಗಳಿಗೆ. ಅವನ್ನು 45 ದಿನಕ್ಕೂ ಒಂದೊಂದಾಗಿ ಹಾಕಿ ನೋಡಬೇಕು, ಬಹಳಷ್ಟು ದಿನಗಳಲ್ಲಿ ಐದಾರು ಊರಿಗೇ "ಇಲ್ಲ" ಅಂತ ಬಂದುಬಿಡುತ್ತದೆ.

ಇಷ್ಟಾದ ಮೇಲೂ ಲೆಕ್ಕ ತಾಳೆ ಆಗಲಿಲ್ಲ. ಇವತ್ತು ಮಧ್ಯಾಹ್ನ ಗೊತ್ತಾಯ್ತು ಯಾಕೆ ಅಂತ. ಮೇಲಿನ ತುಂಡನ್ನೇ ನೋಡಿ, ಚಿಂಚೋಳಿ ಒಂದೇ ಸಲ ಇದೆ. ಎರಡು ಅಂಗಡಿ ತಮ್ಮ ಪುಟದಲ್ಲಿ ಚಿಂಚೋಳಿ ಬರೆದುಕೊಂಡರೆ ಎರಡೂ ಪುಟ "ಸರಿ" ಅನ್ನಿಸಿಕೊಳ್ಳುತ್ತವೆ. ಗಾಡಿ ಒಂದೇ, ಹಕ್ಕುದಾರರು ಇಬ್ಬರು. ನಾನು ಪ್ರತಿ ಪುಟವನ್ನೂ ಬೇರೆ ಬೇರೆ ಕೇಳುತ್ತಿದ್ದೆ, ಒಟ್ಟಿಗೆ ಕೇಳಿರಲೇ ಇಲ್ಲ.

ಒಂದು ಪುಟ ಹಿಡಿದ ಸಾಲನ್ನು ಅಳಿಸಿ ಮುಂದಿನ ಪುಟಕ್ಕೆ ಹೋದರೆ ಆಯ್ತಲ್ಲ ಅಂದುಕೊಂಡೆ. ಆಗೋದಿಲ್ಲ. ಪಟ್ಟಿ ಸೇಡಂ, ಆಳಂದ, ಸೇಡಂ ಅಂತಿರಲಿ. ಮೊದಲ ಅಂಗಡಿ ಬರೆದದ್ದು ಬರೀ ಸೇಡಂ. ಎರಡನೆಯದು ಸೇಡಂ, ಆಳಂದ. ಮೊದಲ ಅಂಗಡಿಗೆ ಮೇಲಿನ ಸೇಡಂ ಕೊಟ್ಟು ಅಳಿಸಿದರೆ ಎರಡನೆಯದು ಬಿದ್ದುಹೋಗುತ್ತದೆ. ಕೆಳಗಿನದು ಕೊಟ್ಟಿದ್ದರೆ ಇಬ್ಬರೂ ಸರಿ. ಬೇಗ ಹಿಡಿದರೆ ನಷ್ಟವಿಲ್ಲ ಅಂತ ಮುನೀಮರಿಗೆ ಹೇಳಿದ್ದು ಒಂದೇ ಪುಟ ಇದ್ದಾಗಿನ ಮಾತು. ಅಂಗಡಿಗಳು ಜಾಸ್ತಿಯಾದ ಹಾಗೆ ಯಾರಿಗೆ ಯಾವ ಸಾಲು ಅನ್ನೋದು ಬಹಳ ಕಗ್ಗಂಟಾಗುತ್ತದೆ. ಸದ್ಯಕ್ಕೆ ಒಂದು ಒರಟು ಪರೀಕ್ಷೆ ಸೇರಿಸಿದ್ದೇನೆ: ಒಂದು ದಿನ ಎಲ್ಲ ಪುಟ ಸೇರಿ ಒಂದು ಊರು ಎಷ್ಟು ಸಲ ಇದೆ, ಕಾಟಾದಲ್ಲಿ ಎಷ್ಟು ಸಲ ಇದೆ. ಪುಟದ್ದು ಹೆಚ್ಚಾದರೆ ಆ ದಿನದ ಪುಟಗಳನ್ನು ಕರೆಸಿ ನೋಡಬೇಕು. ಹೆಚ್ಚಾಗದಿದ್ದರೆ ಎಲ್ಲ ಸರಿ ಅಂತ ಹೇಳಲು ಆಗೋದಿಲ್ಲ.

ಸಂಜೆ ಮುನೀಮರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪುಟದಲ್ಲಿ ಊರಿನ ಪಕ್ಕ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಸಿದರೆ ಈ ಗೋಳು ಬಹುಪಾಲು ಇರುವುದೇ ಇಲ್ಲ ಅಂದೆ. ಕಾಟಾ ಪಟ್ಟಿಯಲ್ಲಿ ಆ ನಂಬರು ಹೇಗೂ ಇದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬರಸ್ತೀನ್ರಿ. ಆದರ ಹಳೇ 1,000 ಪುಟ ಏನ್ ಮಾಡೂದು?"

ತಾಳೆಯಾಗದ ಹನ್ನೊಂದು ದಿನಗಳ ತಾರೀಖು ಕಳಿಸಿದ್ದೇನೆ. ಹಬ್ಬ ಮುಗಿಸಿ ಗುರುವಾರ ಆ ಪುಟಗಳನ್ನು ಇಟ್ಟುಕೊಂಡು ಇಬ್ಬರೂ ಕೂರಬೇಕು.